ಸಹೋದ್ಯೋಗಿಯ ಬಗ್ಗೆ ಫೀಡ್‌ಬ್ಯಾಕ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರುವರಿ, ಮಾರ್ಚ್ ಬಂತೆಂದರೆ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಎಚ್‌ಆರ್‌ನಿಂದ ಒಂದು ಮೇಲ್ ಬರುತ್ತದೆ. ನಿಮ್ಮ ಜೊತೆ ಕೆಲಸ ಮಾಡುವ ಇಂಥವರ ಬಗ್ಗೆ ಅಭಿಪ್ರಾಯ ಬರೆಯಿರಿ, ಇಷ್ಟನೇ ತಾರೀಕಿನೊಳಗೆ ಮುಗಿಸಿ ಅಂತ. ಮ್ಯಾನೇಜರ್ ಒಬ್ಬರ ಮಾತನ್ನೇ ನಂಬದೆ, ಜೊತೆಯವರು, ಕೈಕೆಳಗಿನವರು, ಬೇರೆ ಟೀಮಿನವರು ಎಲ್ಲರನ್ನೂ ಕೇಳುವ ಈ ಪದ್ಧತಿಗೆ 360 ಡಿಗ್ರಿ ಫೀಡ್‌ಬ್ಯಾಕ್ ಅನ್ನುತ್ತಾರೆ. ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ, ವಾಟ್ಸಾಪಿನಲ್ಲಿ, ಟ್ರೈನಿಂಗ್ ಮುಗಿದ ಮೇಲೆ ಬಾಗಿಲ ಹತ್ತಿರ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ.

## ಮೊದಲ ಸಲ ಫಾರ್ಮ್ ಬಂದವರಿಗೆ

ನಾನು ಬರೆದಿದ್ದನ್ನ ಯಾರ್ಯಾರು ಓದ್ತಾರೆ?

ಮೂರು ಕಡೆ ಓದುತ್ತಾರೆ ಅಂತ ಇಟ್ಟುಕೊಳ್ಳಿ. ಮೊದಲನೆಯದು ಆ ವ್ಯಕ್ತಿಯ ಮ್ಯಾನೇಜರ್. ಎರಡನೆಯದು ಆ ವ್ಯಕ್ತಿಯೇ. ಕೆಲವು ಕಡೆ ರಿಪೋರ್ಟ್ ನೇರವಾಗಿ ಅವರ ಕೈಗೆ ಹೋಗುತ್ತದೆ, ಕೆಲವು ಕಡೆ ಮ್ಯಾನೇಜರ್ ಓದಿ ಸಾರಾಂಶ ಹೇಳುತ್ತಾರೆ. ಮೂರನೆಯದನ್ನು ಜನ ಮರೆಯುತ್ತಾರೆ. ಮ್ಯಾನೇಜರುಗಳೆಲ್ಲ ಒಂದು ರೂಮಿನಲ್ಲಿ ಕೂತು ಯಾರಿಗೆ ಯಾವ ರೇಟಿಂಗ್ ಅಂತ ಹೋಲಿಸಿ ನೋಡುವ ಕ್ಯಾಲಿಬ್ರೇಷನ್ ಮೀಟಿಂಗ್ ಅದು. ಅಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ನಿಮ್ಮ ಸಹೋದ್ಯೋಗಿಯನ್ನು ಎಂದೂ ನೋಡದ ಮ್ಯಾನೇಜರ್‌ಗಳೂ ಅಲ್ಲಿರುತ್ತಾರೆ. ನೀವು ಬರೆದ ಐದು ಸಾಲಿನಲ್ಲಿ ಒಂದೇ ಒಂದು ಪದ ಅಲ್ಲಿ ಉಳಿದುಕೊಳ್ಳಬಹುದು. 'ಸ್ಲೋ' ಅಂತ ಬರೆದಿದ್ದರೆ ಆ ಮನುಷ್ಯ ಆ ರೂಮಿನಲ್ಲಿ ಸ್ಲೋ ಆಗಿಬಿಡುತ್ತಾನೆ.

ಬರೆಯುವ ಮುಂಚೆ ಎಚ್‌ಆರ್‌ಗೆ ಎರಡು ಪ್ರಶ್ನೆ ಕೇಳಿ. ಕಮೆಂಟ್ ಅವರಿಗೆ ಪದಶಃ ಕಾಣುತ್ತದಾ, ಸಾರಾಂಶವಾಗಿ ಕಾಣುತ್ತದಾ? ಇದು ಇನ್‌ಕ್ರಿಮೆಂಟ್, ಪ್ರೊಮೋಷನ್‌ಗೆ ಲೆಕ್ಕಕ್ಕೆ ಬರುತ್ತದಾ, ಕಲಿಕೆಗೆ ಮಾತ್ರವಾ? ಉತ್ತರ ಸಿಗದಿದ್ದರೆ ಪದಶಃ ಕಾಣುತ್ತದೆ, ಲೆಕ್ಕಕ್ಕೂ ಬರುತ್ತದೆ ಅಂತಲೇ ತಿಳಿದು ಬರೆಯಿರಿ.

ಅನಾನಿಮಸ್ ಅಂದಿದ್ದಾರೆ. ನಿಜವಾಗ್ಲೂ ಗೊತ್ತಾಗಲ್ವಾ?

ಅಂಕಗಳ ಮಟ್ಟಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಒಂದು ಗುಂಪಿನಲ್ಲಿ ಕಡೇಪಕ್ಷ ಮೂರು ಜನ ಉತ್ತರಿಸದಿದ್ದರೆ ಆ ಗುಂಪಿನ ಸರಾಸರಿಯನ್ನು ಬೇರೆಯಾಗಿ ತೋರಿಸದೆ ಇನ್ನೊಂದು ಗುಂಪಿಗೆ ಸೇರಿಸಿಬಿಡುವ ನಿಯಮ ಬಹಳಷ್ಟು ಕಡೆ ಇದೆ.

ಕಮೆಂಟ್ ಹಾಗಲ್ಲ. ಎಂಟು ಜನರ ಟೀಮಿನಲ್ಲಿ 'ದಸರಾ ರಜೆಯ ಹಿಂದಿನ ದಿನದ ಕ್ಲೈಂಟ್ ಕಾಲ್‌ನಲ್ಲಿ' ಅಂತ ಬರೆದರೆ ಮುಗಿಯಿತು. ಆ ಕಾಲ್‌ನಲ್ಲಿ ಇದ್ದದ್ದೇ ಮೂವರು. ಅದೂ ಬೇಡ, ನೀವು ಮೇಲ್‌ಗಳಲ್ಲಿ ದಿನಾ ಬಳಸುವ ಒಂದು ಪದ, ವಾಕ್ಯದ ಕೊನೆಗೆ ಮೂರು ಚುಕ್ಕಿ ಇಡುವ ಅಭ್ಯಾಸ, ಇಷ್ಟು ಸಾಕು. ಜೊತೆಗೆ, ಹೊರಗೆ ಹೆಸರು ಕಾಣದಿದ್ದರೂ ಯಾರು ಫಾರ್ಮ್ ತುಂಬಿಲ್ಲ ಅಂತ ನೆನಪಿಸುವ ಮೇಲ್ ನಿಮಗೇ ಬರುತ್ತದಲ್ಲ? ಅಂದರೆ ಯಾರು ತುಂಬಿದ್ದಾರೆ ಅನ್ನುವುದು ಸಿಸ್ಟಮ್‌ಗೆ ಗೊತ್ತಿದೆ.

ಹಾಗಂತ ಘಟನೆಯನ್ನೇ ಬಿಟ್ಟು ಮಸುಕಾಗಿ ಬರೆಯುವುದು ಪರಿಹಾರ ಅಲ್ಲ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ, ಯಾರು ಬರೆದಿರಬಹುದು ಎಂಬ ಅನುಮಾನ ಮಾತ್ರ ಇಡೀ ಟೀಮಿನ ಮೇಲೆ ಬೀಳುತ್ತದೆ. ಕೆಳಗೆ ಹೆಸರು ಹಾಕಿದ್ದರೂ ನಡೆಯುತ್ತದೆ ಅನ್ನುವಂತೆ ಬರೆಯಿರಿ.

ಎಲ್ಲರಿಗೂ ಸುಮ್ನೆ 'ಗುಡ್ ಟೀಮ್ ಪ್ಲೇಯರ್' ಅಂತ ಹಾಕಿ ಮುಗಿಸಿದ್ರೆ ಏನು ತೊಂದ್ರೆ?

ತೊಂದರೆ ಆಗುವುದು ನಿಜವಾಗಿ ಚೆನ್ನಾಗಿ ಕೆಲಸ ಮಾಡಿದವರಿಗೆ. ಎಲ್ಲರ ಹಾಳೆಯಲ್ಲೂ ಅದೇ ಸಾಲು ಇದ್ದಾಗ, ರಾತ್ರಿ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಎದ್ದು ಬಂದು ಸರಿಮಾಡಿದವಳ ಪರವಾಗಿ ಕ್ಯಾಲಿಬ್ರೇಷನ್ ರೂಮಿನಲ್ಲಿ ಮಾತಾಡಲು ಅವಳ ಮ್ಯಾನೇಜರ್ ಕೈಯಲ್ಲಿ ಏನೂ ಇರುವುದಿಲ್ಲ. ಹೊಗಳಿಕೆಗೂ ಘಟನೆ ಬೇಕು.

ನನಗೆ ಅವರ ಕೆಲಸ ಅಷ್ಟಾಗಿ ಗೊತ್ತೇ ಇಲ್ಲ. ಏನು ಬರೀಲಿ?

ಬರೆಯಬೇಡಿ. ಫಾರ್ಮ್‌ನಲ್ಲಿ 'ಹೇಳಲು ಆಗದು' ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ 'ಈ ವರ್ಷ ಒಂದು ಪ್ರಾಜೆಕ್ಟ್‌ನಲ್ಲಿ ಎರಡು ವಾರ ಮಾತ್ರ ಜೊತೆಗಿದ್ದೆ' ಅಂತ ಮೊದಲ ಸಾಲಿನಲ್ಲೇ ಹೇಳಿ. ಬೇರೆಯವರಿಂದ ಕೇಳಿದ್ದನ್ನು ನೀವು ಕಂಡಂತೆ ಬರೆಯುವುದು ಈ ಪದ್ಧತಿಯಲ್ಲಿ ಆಗುವ ದೊಡ್ಡ ಅನ್ಯಾಯ. ಒಂದೇ ಗಾಳಿಮಾತು ಮೂರು ಜನರ ಫಾರ್ಮ್‌ನಿಂದ ಬಂದು ಮೂರು ಸಾಕ್ಷಿಯಂತೆ ಕಾಣುತ್ತದೆ.

## ಬರೆಯಲು ಕೂತಾಗ

ಮುಖಕ್ಕೆ ಹೇಳದೇ ಇರೋ ಮಾತನ್ನ ಫಾರ್ಮ್‌ನಲ್ಲಿ ಬರೀಬಹುದಾ?

ನನ್ನ ಉತ್ತರ: ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಫೀಡ್‌ಬ್ಯಾಕ್ ಓದಿ ಮನಸ್ಸು ಮುರಿದುಕೊಂಡವರ ಜೊತೆ ಕೂತು ಮಾತಾಡಿದಾಗ, ಮಾತು ಖಾರವಾಗಿತ್ತು ಅಂತ ನೊಂದವರು ಕಡಿಮೆ. 'ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತಲ್ಲ' ಅನ್ನುವವರೇ ಜಾಸ್ತಿ. ಪಕ್ಕದ ಸೀಟಿನಲ್ಲಿ ಕೂತು, ಒಟ್ಟಿಗೆ ಟೀ ಕುಡಿದು, ಆರು ತಿಂಗಳು ಒಂದು ಮಾತೂ ಆಡದವರು ಮ್ಯಾನೇಜರ್ ಓದುವ ಕಾಗದದಲ್ಲಿ ಮೊದಲ ಸಲ ಅದನ್ನು ಬರೆದರು ಅನ್ನುವುದು ಅವರಿಗೆ ಚುಚ್ಚುತ್ತದೆ. ತಿದ್ದಿಕೊಳ್ಳಲು ಅವಕಾಶ ಇದ್ದಾಗ ಹೇಳಲಿಲ್ಲ, ಸಂಬಳಕ್ಕೆ ಪೆಟ್ಟು ಬೀಳುವಾಗ ಹೇಳಿದರು ಅಂತ ಅನ್ನಿಸುತ್ತದೆ. ಆ ಲೆಕ್ಕ ತಪ್ಪಲ್ಲ, ಅಲ್ವಾ?

ಹಾಗಾಗಿ ಫಾರ್ಮ್ ಬರುವ ಮುಂಚೆಯೇ, ಘಟನೆ ನಡೆದ ವಾರದಲ್ಲೇ, ಇಬ್ಬರೇ ಇದ್ದಾಗ ಹೇಳಿ. ಉದ್ದ ಭಾಷಣ ಬೇಡ. 'ಗುರು, ಒಂದು ವಿಷಯ. ನಿನ್ನೆ ಕಾನ್ಫಿಗ್ ಬದಲಾಯಿಸಿದ್ದು ನಮಗೆ ಗೊತ್ತಿರಲಿಲ್ಲ, ಮಧ್ಯಾಹ್ನದವರೆಗೆ ಬಗ್ ಹುಡುಕಿದ್ವಿ. ಮುಂದಿನ ಸಲ ಚಾನೆಲ್‌ನಲ್ಲಿ ಒಂದು ಲೈನ್ ಹಾಕ್ತೀಯಾ?' ಇಷ್ಟು ಸಾಕು. ವಯಸ್ಸಿನಲ್ಲಿ ದೊಡ್ಡವರಾದರೆ 'ಸರ್, ಒಂದು ನಿಮಿಷ ಮಾತಾಡಬಹುದಾ' ಅಂತ ಶುರುಮಾಡಿ.

ಫಾರ್ಮ್ ಆಗಲೇ ಬಂದಿದೆ, ಹೇಳಿಲ್ಲ ಅಂದರೆ? ಕೊನೆಯ ದಿನಾಂಕದ ಒಳಗೆ ಸಮಯ ಇದ್ದೇ ಇರುತ್ತದೆ. ಹೋಗಿ ಮಾತಾಡಿ, ಆಮೇಲೆ ಬರೆಯಿರಿ. ಮಾತಾಡಲು ಆಗದಿದ್ದರೆ ಆ ವಿಷಯವನ್ನು ಈ ಸಲ ಬಿಟ್ಟುಬಿಡಿ. ಎದುರಿಗೆ ಹೇಳುವಷ್ಟು ದೊಡ್ಡದಲ್ಲದ್ದು ಅವರ ಅಪ್ರೈಸಲ್‌ಗೆ ಹೋಗುವಷ್ಟು ದೊಡ್ಡದಾಗಿರಲು ಸಾಧ್ಯವಿಲ್ಲ. ಹೇಳಿದರೆ ನಿಮಗೇ ಅಪಾಯ ಎಂಬ ಸಂದರ್ಭ ಬೇರೆ, ಅದು ಕೆಳಗೆ ಬರುತ್ತದೆ.

ಸರಿ, ಮಾತಾಡಿದ್ದೀನಿ. ಈಗ ಹೇಗೆ ಬರೆಯೋದು? ಒಂದು ಉದಾಹರಣೆ ಕೊಡಿ.

ಮೇಲಿನ ಕಾನ್ಫಿಗ್ ಸಂಗತಿಯನ್ನೇ ತೆಗೆದುಕೊಳ್ಳೋಣ. ಕೇಳಿದವರು ಒಬ್ಬ ಟೆಸ್ಟರ್. ಬರೆಯಬೇಕಾಗಿದ್ದು ತಮ್ಮ ಟೀಮಿನ ಬ್ಯಾಕ್‌ಎಂಡ್ ಡೆವಲಪರ್ ಬಗ್ಗೆ. ಅವರ ಮೊದಲ ಬರಹ ಎರಡೇ ಸಾಲು:

> ಪುವರ್ ಕಮ್ಯುನಿಕೇಷನ್. ಲ್ಯಾಕ್ಸ್ ಓನರ್‌ಶಿಪ್.

ಇದರಲ್ಲಿ ಸುಳ್ಳು ಇಲ್ಲ, ಸಿಟ್ಟು ಇದೆ. ಆದರೆ ಓದಿದವನಿಗೆ ಯಾವ ಕೆಲಸ ಬದಲಾಯಿಸಬೇಕು ಅಂತ ತಿಳಿಯುವುದಿಲ್ಲ. ತಾನು ಎಂಥವನು ಅಂತ ಯಾರೋ ತೀರ್ಪು ಕೊಟ್ಟಿದ್ದಾರೆ ಅನ್ನುವುದಷ್ಟೇ ತಿಳಿಯುತ್ತದೆ. 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಆದಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದಿಂದ 'ನಾನು ಎಂಥವನು' ಎಂಬುದರ ಕಡೆ ಹೊರಳಿದಷ್ಟೂ ಪರಿಣಾಮ ಇಳಿಯುತ್ತದೆ ಅನ್ನುವುದು ಅವರ ವಿವರಣೆ. 'ಲ್ಯಾಕ್ಸ್ ಓನರ್‌ಶಿಪ್' ಮಾಡುವುದು ಅದನ್ನೇ.

ಟೆಸ್ಟರ್‌ಗೆ ನಾನು ಕೇಳಿದ್ದು: ಯಾವಾಗ? ಅವನು ಏನು ಮಾಡಿದ, ಅಥವಾ ಮಾಡಲಿಲ್ಲ? ಅದರಿಂದ ನಿಮಗೆ ಏನಾಯಿತು? ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ಸಂದರ್ಭ, ನಡವಳಿಕೆ, ಪರಿಣಾಮ ಅಂತ ಹೇಳಿಕೊಡುವುದೂ ಈ ಮೂರನ್ನೇ. ಅವರು ಹೇಳುತ್ತಾ ಹೋದಂತೆ ಕಥೆ ಬಿಚ್ಚಿಕೊಂಡಿತು. ನವೆಂಬರ್ ರಿಲೀಸ್‌ನಲ್ಲಿ ಒಂದು ಸಲ, ಜನವರಿಯಲ್ಲಿ ಒಂದು ಸಲ, ರಿಲೀಸ್‌ಗೆ ಮುಂಚೆ ಟೆಸ್ಟ್ ಮಾಡುವ ಸ್ಟೇಜಿಂಗ್ ಸರ್ವರ್‌ನ ಸೆಟ್ಟಿಂಗ್ ಬದಲಾಯಿಸಿ ಟೆಸ್ಟಿಂಗ್ ಟೀಮಿಗೆ ಹೇಳಿರಲಿಲ್ಲ. ಎರಡೂ ಸಲ ಟೆಸ್ಟ್‌ಗಳು ಸಾಲಾಗಿ ಫೇಲ್ ಆಗಿ ಅರ್ಧ ದಿನ ಹೋಗಿತ್ತು. ಜನವರಿಯಲ್ಲಿ ಇವರು ನೇರವಾಗಿ ಮಾತಾಡಿದರು. ಫೆಬ್ರುವರಿ ರಿಲೀಸ್‌ಗೆ ಅವನು ಹಿಂದಿನ ಸಂಜೆಯೇ ಚಾನೆಲ್‌ನಲ್ಲಿ ಬದಲಾವಣೆಗಳ ಪಟ್ಟಿ ಹಾಕಿದ್ದ.

ಈ ಕೊನೆಯ ವಿಷಯ ಮೊದಲ ಬರಹದಲ್ಲಿ ಇರಲೇ ಇಲ್ಲ! ಇನ್ನೊಂದು ಕೇಳಿದೆ: ಯಾಕೆ ಹೇಳಿರಲಿಲ್ಲ ಅಂತ ಗೊತ್ತಾ? 'ರಿಲೀಸ್ ಚೆಕ್‌ಲಿಸ್ಟ್‌ನಲ್ಲಿ ಆ ಹೆಜ್ಜೆ ಇರಲಿಲ್ಲ ಅನ್ಸುತ್ತೆ' ಅಂದರು. ಹಾಗಾದರೆ ಓನರ್‌ಶಿಪ್ ಇಲ್ಲ ಅನ್ನುವುದು ಊಹೆ. ಕಂಡದ್ದನ್ನು ಬರೆಯಬಹುದು, ಅವನ ಮನಸ್ಸಿನಲ್ಲಿ ಏನಿತ್ತು ಅಂತ ಬರೆಯುವುದು ನಮ್ಮ ಕೆಲಸ ಅಲ್ಲ. ಕೊನೆಗೆ ಫಾರ್ಮ್‌ಗೆ ಹೋದದ್ದರ ಕನ್ನಡ ರೂಪ ಇದು:

> ನವೆಂಬರ್ ಮತ್ತು ಜನವರಿ ರಿಲೀಸ್‌ಗಳಲ್ಲಿ ಸ್ಟೇಜಿಂಗ್ ಸೆಟ್ಟಿಂಗ್ ಬದಲಾದದ್ದು ಟೆಸ್ಟಿಂಗ್ ಟೀಮಿಗೆ ಮುಂಚೆ ತಿಳಿಯಲಿಲ್ಲ. ಎರಡೂ ಸಲ ನಮಗೆ ಸುಮಾರು ಅರ್ಧ ದಿನ ಹಿಡಿಯಿತು. ಜನವರಿಯಲ್ಲಿ ಈ ಬಗ್ಗೆ ಇಬ್ಬರೂ ಮಾತಾಡಿದೆವು. ಫೆಬ್ರುವರಿಯಲ್ಲಿ ಅವರು ಬದಲಾವಣೆಗಳ ಪಟ್ಟಿಯನ್ನು ಹಿಂದಿನ ಸಂಜೆಯೇ ಹಾಕಿದ್ದರು, ಬೆಳಿಗ್ಗೆಯಿಂದಲೇ ಟೆಸ್ಟಿಂಗ್ ಶುರುವಾಯಿತು. ಇದು ಪ್ರತಿ ರಿಲೀಸ್‌ಗೂ ಮುಂದುವರಿಯಬೇಕು. ಚೆಕ್‌ಲಿಸ್ಟ್‌ನಲ್ಲಿ ಸೇರಿಸಿದರೆ ಒಬ್ಬರ ನೆನಪಿನ ಮೇಲೆ ನಿಲ್ಲುವುದಿಲ್ಲ.

ಮೊದಲಿನದಕ್ಕಿಂತ ಇದು ಮೆತ್ತಗಿಲ್ಲ. ಎರಡು ಸಲ ಅರ್ಧರ್ಧ ದಿನ ಹೋಯಿತು ಅನ್ನುವುದು ದಾಖಲೆಯಲ್ಲಿ ಉಳಿಯಿತು. ಕ್ಯಾಲಿಬ್ರೇಷನ್ ರೂಮಿನಲ್ಲಿ ಇದನ್ನು ಓದುವ ಅಪರಿಚಿತ ಮ್ಯಾನೇಜರ್‌ಗೆ, ಹೇಳಿದರೆ ಕೇಳಿ ತಿದ್ದಿಕೊಳ್ಳುವ ಮನುಷ್ಯ ಅನ್ನುವುದೂ ಗೊತ್ತಾಗುತ್ತದೆ. ಅದು ನಿಜ ಕೂಡ.

ಮೊದಲು ಹೊಗಳಿ, ಮಧ್ಯೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಬೇಕಂತೆ. ಹೌದಾ?

ಈ ಉಪಾಯ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಮೊದಲ ಸಾಲು ಓದುವಾಗಲೇ 'ಆದರೆ' ಎಲ್ಲಿ ಬರುತ್ತದೆ ಅಂತ ಕಣ್ಣು ಹುಡುಕುತ್ತದೆ. ಹೊಗಳಿಕೆ ನಿಜವಿದ್ದರೆ ಅದಕ್ಕೆ ಮೀಸಲಾದ ಜಾಗದಲ್ಲಿ, ಅದರದ್ದೇ ಘಟನೆ ಸಮೇತ ಬರೆಯಿರಿ. ಇಲ್ಲದಿದ್ದರೆ ಹಾಕಬೇಡಿ.

5ರಲ್ಲಿ ಎಷ್ಟು ಕೊಡ್ಲಿ? 3 ಕೊಟ್ರೆ ಬೇಜಾರು ಮಾಡ್ಕೊಳ್ತಾರೆ.

ಅಂಕಗಳನ್ನು ಅಷ್ಟು ನಂಬಬೇಡಿ. ಸ್ಕಲೆನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೇಟಿಂಗ್‌ಗಳಲ್ಲಿ ಕಾಣುವ ವ್ಯತ್ಯಾಸದ ಅರ್ಧಕ್ಕಿಂತ ಜಾಸ್ತಿ ಪಾಲು ಅಂಕ ಕೊಡುವವರ ಸ್ವಂತ ರೀತಿಯಿಂದ ಬಂದಿತ್ತು. ಅಂಕ ಪಡೆದವರ ಕೆಲಸದಿಂದ ಬಂದದ್ದು ಅದಕ್ಕಿಂತ ಕಡಿಮೆ. ನೀವು ಕೈ ಬಿಗಿ ಇರುವವರಾದರೆ ನಿಮ್ಮ 3 ಇನ್ನೊಬ್ಬರ 4.

ಇದರಿಂದ ಸ್ವಲ್ಪ ತಪ್ಪಿಸಿಕೊಳ್ಳಲು ಒಂದು ದಾರಿ ಇದೆ. ಒಬ್ಬರ ಫಾರ್ಮ್ ಪೂರ್ತಿ ಮುಗಿಸಿ ಇನ್ನೊಬ್ಬರದಕ್ಕೆ ಹೋಗಬೇಡಿ. ಮೊದಲ ಪ್ರಶ್ನೆಗೆ ಎಲ್ಲರಿಗೂ ಒಂದು ಹಾಳೆಯಲ್ಲಿ ಅಂಕ ಬರೆದುಕೊಳ್ಳಿ, ಆಮೇಲೆ ಎರಡನೆಯದು. ಒಬ್ಬರ ಮೇಲಿನ ಅಕ್ಕರೆಯೋ ಸಿಟ್ಟೋ ಎಲ್ಲ ಪ್ರಶ್ನೆಗಳ ಮೇಲೂ ಚೆಲ್ಲುವುದು ಆಗ ಕಡಿಮೆಯಾಗುತ್ತದೆ. ಅಂಕಕ್ಕೂ ಕಮೆಂಟ್‌ಗೂ ಹೊಂದಿಕೆ ಇರಲಿ. 5 ಕೊಟ್ಟು ಕೆಳಗೆ ದೂರು ಬರೆದರೆ ಧೈರ್ಯ ಸಾಲದ್ದು ಎದ್ದು ಕಾಣುತ್ತದೆ.

## ಸಂಬಂಧ ಬಿಗಿಯಾದ ಕಡೆ

'ನೀನು ನಂಗೆ 5 ಹಾಕು, ನಾನು ನಿಂಗೆ 5 ಹಾಕ್ತೀನಿ' ಅಂತಾನೆ ಫ್ರೆಂಡ್. ಇಲ್ಲ ಅಂದ್ರೆ ಸ್ನೇಹ ಹೋಗುತ್ತೆ.

ಅಂಕದ ಬಗ್ಗೆ ಮಾತಿಗೇ ಹೋಗಬೇಡಿ. 'ಮಗಾ, ಆ ಪೇಮೆಂಟ್ ಮಾಡ್ಯೂಲ್ ನೀನು ಎತ್ತಿ ನಿಲ್ಲಿಸಿದ್ದು ನಾನು ವಿವರವಾಗಿ ಬರೀತೀನಿ. ಇನ್ನೇನು ಬರೀಬೇಕು ಹೇಳು' ಅಂತ ಕೇಳಿ. ತಾನು ಮಾಡಿದ ಕೆಲಸವನ್ನು ಅವನೇ ನೆನಪಿಸುತ್ತಾನೆ. ನೀವು ಕಂಡದ್ದಾದರೆ ಬರೆಯಿರಿ. ಮ್ಯಾನೇಜರ್‌ಗೆ ಒಂದು ಒಳ್ಳೆಯ ಘಟನೆ ಒಂದು 5ಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಇಬ್ಬರು ಒಬ್ಬರಿಗೊಬ್ಬರು ಎಲ್ಲದಕ್ಕೂ 5 ಹಾಕಿಕೊಂಡದ್ದು ರಿಪೋರ್ಟ್ ನೋಡುವವರಿಗೆ ಬೇಗ ಕಣ್ಣಿಗೆ ಬೀಳುತ್ತದೆ, ಅದನ್ನೂ ಹೇಳಿ.

ಇಬ್ಬರೂ ಒಂದೇ ಪ್ರೊಮೋಷನ್‌ಗೆ ಕಾಯ್ತಿದ್ದೀವಿ. ಅವರ ಬಗ್ಗೆ ನಾನೇ ಬರೀಬೇಕಂತೆ.

ಮ್ಯಾನೇಜರ್‌ಗೆ ಮೊದಲೇ ಒಂದು ಸಾಲಿನ ಮೇಲ್ ಹಾಕಿ: ಇಬ್ಬರೂ ಒಂದೇ ಹುದ್ದೆಯ ಪಟ್ಟಿಯಲ್ಲಿ ಇದ್ದೇವೆ, ಬೇರೆ ಯಾರನ್ನಾದರೂ ಕೇಳಬಹುದಾ ಅಂತ. ಪರವಾಗಿಲ್ಲ ಬರೆಯಿರಿ ಅಂದರೆ ಒಳ್ಳೆಯದೂ ಕೆಟ್ಟದ್ದೂ ಘಟನೆ ಸಮೇತ ಮಾತ್ರ ಬರೆಯಿರಿ, 'ಮುಂದಿನ ಹುದ್ದೆಗೆ ಸಿದ್ಧರಿದ್ದಾರಾ' ಎಂಬ ಪ್ರಶ್ನೆ ಇದ್ದರೆ ಖಾಲಿ ಬಿಡಿ. ನೀವು ಏನು ಬರೆದರೂ ಆ ಉತ್ತರಕ್ಕೆ ಬೆಲೆ ಇಲ್ಲ.

ವಿಷಯ ಕೆಲಸದ್ದಲ್ಲ, ಅವರು ನಡ್ಕೊಳ್ಳೋ ರೀತಿ. ಹೇಳೋಕೆ ಭಯ ಆಗುತ್ತೆ.

ಇಲ್ಲಿ 'ಮೊದಲು ಮುಖಕ್ಕೆ ಹೇಳಿ' ಎಂಬ ನನ್ನ ಮಾತು ನಡೆಯುವುದಿಲ್ಲ. ಬೆದರಿಕೆ, ಜಾತಿ ಎತ್ತಿ ಮಾತಾಡುವುದು, ಕಿರುಕುಳ, ಲೆಕ್ಕದಲ್ಲಿ ಮೋಸ, ಇವು ಯಾವುವೂ ಪೀರ್ ಫೀಡ್‌ಬ್ಯಾಕ್‌ನ ವಿಷಯಗಳಲ್ಲ. ಫಾರ್ಮ್‌ನಲ್ಲಿ ಬರೆದರೆ ಅದು ಮೂರು ವಾರದ ನಂತರ ಸರಾಸರಿ ಅಂಕಗಳ ಕೆಳಗೆ ಒಂದು ಸಾಲಾಗಿ ಕಾಣುತ್ತದೆ. ತನಿಖೆ ಆಗುವುದಿಲ್ಲ, ಆದರೆ ಆ ವ್ಯಕ್ತಿ ಓದುತ್ತಾನೆ. ಎರಡು ಕಡೆಯಿಂದಲೂ ನಷ್ಟ ನಿಮಗೇ.

ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳ ಒಳಗೆ ಮಹಿಳೆ ಅಲ್ಲಿ ಲಿಖಿತ ದೂರು ಕೊಡಬೇಕು. ತಡವಾದದ್ದಕ್ಕೆ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಅಪ್ರೈಸಲ್ ಬರಲಿ ಅಂತ ಕಾಯುತ್ತಾ ಕೂತರೆ ಈ ಅವಧಿ ಕೈತಪ್ಪಬಹುದು. ಉಳಿದವಕ್ಕೆ ಎಚ್‌ಆರ್ ಅಥವಾ ಕಂಪನಿಯ ದೂರು ವ್ಯವಸ್ಥೆಗೆ ಹೋಗಿ.

ಸರ್ಕಾರಿ ಕೆಲಸದಲ್ಲೂ ಈ 360 ಡಿಗ್ರಿ ಇದೆಯಾ?

ಕೇಂದ್ರದಲ್ಲಿ ಜಂಟಿ ಕಾರ್ಯದರ್ಶಿ ಮತ್ತು ಅದಕ್ಕೆ ಮೇಲಿನ ಹುದ್ದೆಗಳಿಗೆ ಅಧಿಕಾರಿಗಳನ್ನು ಆರಿಸುವಾಗ, ಮೇಲಿನವರು, ಸಮಾನರು, ಕೆಳಗಿನವರು ಎಲ್ಲರಿಂದ ಅಭಿಪ್ರಾಯ ಕೇಳುವ ಪದ್ಧತಿ ಬಂದಿದೆ. 2017ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಪಾರದರ್ಶಕವಲ್ಲ, ವ್ಯಕ್ತಿನಿಷ್ಠ ಅಂತ ಟೀಕಿಸಿತು. ಯಾರು ಏನು ಹೇಳಿದರು ಅಂತ ತಿಳಿಯದಿದ್ದರೆ ಉತ್ತರ ಕೊಡುವುದಾದರೂ ಹೇಗೆ? ಖಾಸಗಿ ಕಂಪನಿಯಲ್ಲಿ ನೀವು ಬರೆಯುವ ಕಮೆಂಟ್‌ಗೂ ಇದೇ ಅಳತೆ ಹಿಡಿಯಬಹುದು. ಘಟನೆ ಇದ್ದರೆ ಅವರು 'ಅವತ್ತು ಹೀಗಾಗಿತ್ತು' ಅಂತ ಹೇಳಿಕೊಳ್ಳಬಹುದು. 'ಆಟಿಟ್ಯೂಡ್ ಸರಿಯಿಲ್ಲ' ಅಂದರೆ ಬಾಯಿ ಕಟ್ಟಿದಂತೆ.

## ರಿಪೋರ್ಟ್ ಕೈಗೆ ಬಂದ ಮೇಲೆ

'ಇದು ನೀನೇ ಬರೆದಿದ್ದಾ?' ಅಂತ ಬಂದು ಕೇಳಿದ್ರೆ ಏನನ್ನಲಿ?

ಸುಳ್ಳು ಹೇಳಬೇಡಿ. ಇವತ್ತು 'ನಾನಲ್ಲ' ಅಂದರೆ ಅನುಮಾನ ಪಕ್ಕದವರ ಮೇಲೆ ಹೋಗುತ್ತದೆ, ನಾಳೆ ಗೊತ್ತಾದರೆ ಎರಡು ಪಟ್ಟು ಕೆಡುತ್ತದೆ. ಮುಂಚೆ ಮಾತಾಡಿದ್ದ ವಿಷಯವೇ ಆಗಿದ್ದರೆ ಸುಲಭ: 'ಹೌದು, ಜನವರಿಯಲ್ಲಿ ನಾವು ಮಾತಾಡಿದ್ವಲ್ಲ, ಅದೇ. ಫೆಬ್ರುವರಿಯಲ್ಲಿ ಸರಿಹೋಗಿದ್ದನ್ನೂ ಬರೆದಿದ್ದೀನಿ.' ಮುಂದೆ ಅವರು ಸಿಟ್ಟಾದರೆ ಆಗಲಿ, ಸ್ವಲ್ಪ ದಿನ ಬಿಡಿ. ಕಂಪನಿಯ ನಿಯಮ ಹೇಳಿಕೊಳ್ಳಬಾರದು ಅನ್ನುತ್ತಿದ್ದರೆ, 'ಯಾರು ಏನು ಬರೆದರು ಅಂತ ಮಾತಾಡುವ ಹಾಗಿಲ್ಲ, ಆದರೆ ನನಗೆ ಏನು ಅನ್ನಿಸಿತ್ತು ಅಂತ ಮುಂಚೆಯೇ ಹೇಳಿದ್ದೀನಿ, ಈಗಲೂ ಹೇಳ್ತೀನಿ' ಅನ್ನಿ. ಇದೂ ಸುಳ್ಳಲ್ಲ.

ಬೇರೆ ಯಾರು ಏನು ಬರೆದಿರಬಹುದು ಎಂಬ ಊಹಾಪೋಹಕ್ಕೆ ಮಾತ್ರ ಸೇರಬೇಡಿ. ಅವರೇ ಎಳೆದರೂ.

ನನ್ನ ಒಂದು ಕಮೆಂಟ್ ಹಿಡ್ಕೊಂಡು ಮ್ಯಾನೇಜರ್ ಅವರ ರೇಟಿಂಗ್ ಇಳಿಸಿದ್ದಾರೆ. ನಾನು ಬರೆದಿದ್ದು ಅಷ್ಟು ದೊಡ್ಡ ವಿಷಯ ಅಲ್ಲ!

ಇದು ಆಗುತ್ತದೆ. ಬೇರೆ ಕಾರಣಕ್ಕೆ ಇಳಿಸಬೇಕಾಗಿದ್ದಾಗ ಆಧಾರಕ್ಕೆ ಒಂದು ಸಾಲು ಹುಡುಕಿ, ಸಿಕ್ಕಿದ್ದನ್ನು ತೋರಿಸುವ ಮ್ಯಾನೇಜರುಗಳು ಇದ್ದಾರೆ. ಮ್ಯಾನೇಜರ್ ಹತ್ತಿರ ಹೋಗಿ, ಆ ಘಟನೆ ಎಷ್ಟು ಸಲ ಆಗಿತ್ತು, ಆಮೇಲೆ ಸರಿಹೋಯಿತಾ, ನಿಮ್ಮ ದೃಷ್ಟಿಯಲ್ಲಿ ಅದರ ತೂಕ ಎಷ್ಟು ಅಂತ ಹೇಳಿ, ಅದನ್ನೇ ಮೇಲ್‌ನಲ್ಲಿ ಹಾಕಿ. ರೇಟಿಂಗ್ ಬಗ್ಗೆ ಆಕ್ಷೇಪ ಸಲ್ಲಿಸುವ ಅವಕಾಶ ಕಂಪನಿಯಲ್ಲಿ ಇದ್ದರೆ ಆ ಮೇಲ್ ನಿಮ್ಮ ಸಹೋದ್ಯೋಗಿಗೆ ಕೆಲಸಕ್ಕೆ ಬರುತ್ತದೆ. ಅವರಿಗೂ ನೀವೇ ಹೋಗಿ ಹೇಳಿ, ಬೇರೆಯವರಿಂದ ತಿಳಿಯುವುದು ಬೇಡ.

ಮುಂದಿನ ಸಲಕ್ಕೆ ಒಂದು ಅಭ್ಯಾಸ: ಕಮೆಂಟ್‌ನಲ್ಲೇ ತೂಕ ಹೇಳಿ. 'ವರ್ಷದಲ್ಲಿ ಎರಡು ಸಲ', 'ಸಣ್ಣ ವಿಷಯ, ಆದರೆ ಸರಿಹೋದರೆ ಒಳ್ಳೆಯದು', 'ನಾನು ಅವರ ಜೊತೆ ಕೆಲಸ ಮಾಡಲು ಹಿಂಜರಿಯುವುದು ಇದಕ್ಕೇ' ಇವು ಮೂರೂ ಬೇರೆ ಬೇರೆ ತೂಕ. ನೀವು ಹೇಳದಿದ್ದರೆ ಓದುವವರು ತಮಗೆ ಬೇಕಾದ ತೂಕ ಹಾಕಿಕೊಳ್ಳುತ್ತಾರೆ.

ಫೀಡ್‌ಬ್ಯಾಕ್ ಕೊಟ್ಟು ಎರಡು ತಿಂಗಳಾಯ್ತು, ಅವರು ಮಾತು ಕಡಿಮೆ ಮಾಡಿದ್ದಾರೆ. ಏನ್ ಮಾಡ್ಲಿ?

ಮೊದಲು ಕಾರಣ ಅದೇನಾ ನೋಡಿ. ಮಾತು ಎಲ್ಲರ ಜೊತೆ ಕಡಿಮೆಯಾಗಿದ್ದರೆ ಅವರಿಗೆ ಇನ್‌ಕ್ರಿಮೆಂಟ್ ಬೇಜಾರು ಇರಬಹುದು, ನಿಮ್ಮ ಕಮೆಂಟ್ ಅಲ್ಲ. ನಿಮ್ಮ ಜೊತೆ ಮಾತ್ರ ಆಗಿದ್ದರೆ, ಮೀಟಿಂಗ್‌ನಲ್ಲಿ ನಿಮ್ಮ ಪ್ರಶ್ನೆಗೆ ಮಾತ್ರ ಒಂದು ಪದದ ಉತ್ತರ ಬರುತ್ತಿದ್ದರೆ, ನೀವು ಹಾಕಿದ ಮೆಸೇಜ್‌ಗೆ ಎಲ್ಲರ ಮುಂದಿರುವ ಚಾನೆಲ್‌ನಲ್ಲಷ್ಟೇ ಉತ್ತರಿಸುತ್ತಿದ್ದರೆ, ಹೌದು, ಅದೇ.

ಕಮೆಂಟ್‌ಗೆ ಕ್ಷಮೆ ಕೇಳಬೇಡಿ, ನಿಜ ಬರೆದಿದ್ದರೆ. ಅದರ ಬದಲು ಅವರ ಅಭಿಪ್ರಾಯ ಕೇಳಿ: 'ನನ್ನ ಜೊತೆ ಕೆಲಸ ಮಾಡೋಕೆ ನಿಮಗೆ ಏನು ಕಷ್ಟ ಆಗ್ತಿದೆ?' ಕೇಳಿದ ಮೇಲೆ ಸಮರ್ಥನೆ ಕೊಡದೆ ಬರೆದುಕೊಳ್ಳಿ. ಅವರು ಹೇಳಿದ್ದರಲ್ಲಿ ಒಂದನ್ನು ಆ ತಿಂಗಳೇ ಬದಲಾಯಿಸಿ, ಬದಲಾಯಿಸಿದ್ದು ಅವರಿಗೆ ಕಾಣುವಂತಿರಲಿ. ಕೋಡ್ ರಿವ್ಯೂಗೆ ಎರಡು ದಿನ ತಡ ಮಾಡುತ್ತೀರಿ ಅಂದರೆ ಅವರ ರಿವ್ಯೂ ಅದೇ ದಿನ ಮುಗಿಸಿ ಕೊಡಿ. ಇಷ್ಟಾದ ಮೇಲೂ ಸರಿಹೋಗದ ಸಂಬಂಧಗಳು ಇವೆ. ಆಗ ಕೆಲಸದ ಮಟ್ಟಿಗೆ ಸ್ಪಷ್ಟವಾಗಿ, ಬರವಣಿಗೆಯಲ್ಲಿ ವ್ಯವಹರಿಸಿ, ಮುಂದಿನ ಸುತ್ತಿನಲ್ಲಿ ಅವರ ಬಗ್ಗೆ ಬರೆಯುವ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಲು ಮ್ಯಾನೇಜರ್‌ಗೆ ಹೇಳಿ.